ಎಲ್ಲರ ಕೈಯೂ 4ರ ಮೇಲೆ, 7 ಯಾರಿಗೂ ಬೇಡ: ಯಾಕೆ ಹೀಗೆ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಒಂಬತ್ತನೇ ತರಗತಿಯ ಮಕ್ಕಳಿಗೆ ನಾಲ್ಕು ಕಾರ್ಡಿನ ಪರೀಕ್ಷೆ ಕೊಟ್ಟೆ. ಮೇಜಿನ ಮೇಲೆ ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ: ‘ಮುಂದೆ ಅ ಇದ್ದರೆ ಹಿಂದೆ 4 ಇರುತ್ತದೆ.’ ಇದು ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು ಎಂದು ಕೇಳಿದೆ. ಹೆಚ್ಚುಕಮ್ಮಿ ಎಲ್ಲರೂ ‘ಅ ಮತ್ತು 4’ ಅಂದರು. ಸರಿಯುತ್ತರ ಅ ಮತ್ತು 7 ಅಂತೆ. ಆಮೇಲೆ ‘ಬೈಕ್ ಓಡಿಸುತ್ತಿದ್ದರೆ ಲೈಸೆನ್ಸ್ ಇರಬೇಕು’ ಅಂತ ಬದಲಾಯಿಸಿ ಕೊಟ್ಟೆ. ‘ಓಡಿಸುತ್ತಿರುವವನು’ ಮತ್ತು ‘ಲೈಸೆನ್ಸ್ ಇಲ್ಲ’ ಕಾರ್ಡುಗಳನ್ನು ಥಟ್ಟನೆ ಆರಿಸಿದರು. ನಮ್ಮ ಮಕ್ಕಳಿಗೆ ತರ್ಕ ಬರೋದಿಲ್ವಾ? ಅಥವಾ ಎಲ್ಲರೂ ಹೇಳುವ ಹಾಗೆ ನಮಗೆ ಬೇಕಾದ ಉತ್ತರಕ್ಕೆ ಸಾಕ್ಷಿ ಹುಡುಕುವ ಚಟವಾ?

ಉತ್ತರ: ಮೇಡಂ, ಎರಡೂ ಅಲ್ಲ. ಮೊದಲು ಮಕ್ಕಳ ಪರವಾಗಿ ಒಂದು ಮಾತು. ಈ ಪರೀಕ್ಷೆಯನ್ನು ರೂಪಿಸಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್. ಅದು ಅಚ್ಚಾಗಿದ್ದು 1966ರಲ್ಲಿ. ವೇಸನ್ ಮತ್ತು ಅವರ ಜೊತೆಗಾರ ಜಾನ್ಸನ್-ಲೇರ್ಡ್ ತಮ್ಮ ಮೊದಲ ಕೆಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, 128 ಜನರಲ್ಲಿ ಪೂರ್ತಿ ಸರಿ ಉತ್ತರ ಕೊಟ್ಟವರು ಬರೀ 5 ಮಂದಿ. ನಿಮ್ಮ ಮಕ್ಕಳ ‘ಅ ಮತ್ತು 4’ ಉತ್ತರ ಕೊಟ್ಟವರು 59. ‘ಅ ಮಾತ್ರ ಸಾಕು’ ಅಂದವರು 42. ಇವರೆಲ್ಲ ದೊಡ್ಡವರು. ಸೋಮವಾರಪೇಟೆ ಲಂಡನ್ನಿಗಿಂತ ಏನೂ ಕಮ್ಮಿ ಇಲ್ಲ.

7 ಯಾಕೆ ಬೇಕು, 4 ಯಾಕೆ ಬೇಡ ಅನ್ನುವುದನ್ನು ಬೇಗ ಮುಗಿಸುತ್ತೇನೆ. ನಿಯಮ ಮುರಿಯಲು ಒಂದೇ ದಾರಿ: ಒಂದು ಬದಿ ಅ ಇದ್ದು ಇನ್ನೊಂದು ಬದಿ 4 ಇಲ್ಲದಿರುವುದು. 7ರ ಇನ್ನೊಂದು ಬದಿಯಲ್ಲಿ ಅ ಇದ್ದರೆ ನಿಯಮ ಬಿತ್ತು. 4ರ ಇನ್ನೊಂದು ಬದಿಯಲ್ಲಿ ಅ ಇದ್ದರೂ ಸರಿ, ಕ ಇದ್ದರೂ ಸರಿ. ಕ ಇದ್ದಾಗ 4 ಇರಬಾರದು ಅಂತ ನಿಯಮ ಎಲ್ಲೂ ಹೇಳಿಲ್ಲ. ಹಾಗಾಗಿ 4 ತಿರುಗಿಸಿದರೆ ನಿಯಮ ಮುರಿಯುವ ಸುದ್ದಿ ಬರುವುದಕ್ಕೆ ಸಾಧ್ಯವೇ ಇಲ್ಲ.

ನಿಮ್ಮ ಮಾತಿನ ಜೋಡಣೆಯಲ್ಲೇ ಒಂದು ತೊಡಕಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀವು ‘ಮುಂದೆ ಅ ಇದ್ದರೆ ಹಿಂದೆ 4’ ಅಂದಿದ್ದೀರಿ. ಮಗು ಇದನ್ನು ಹೇಳಿದ ಹಾಗೆಯೇ ತೆಗೆದುಕೊಂಡರೆ, ಮುಂದೆ ಅ ಕಾಣುವ ಕಾರ್ಡ್ ಒಂದೇ. 7ರ ಮುಂದೆ ಇರುವುದು 7, ಅಲ್ವಾ? ಅದರ ಹಿಂದೆ ಅ ಇದ್ದರೂ ನಿಯಮಕ್ಕೆ ಸಂಬಂಧವಿಲ್ಲ. ಆಗ ‘ಅ ಮಾತ್ರ’ ಎಂದ ಮಗುವೇ ಸರಿ! ಹಾಗಾಗಿ ‘ಕಾರ್ಡಿನ ಒಂದು ಬದಿ ಅ ಇದ್ದರೆ ಇನ್ನೊಂದು ಬದಿ 4 ಇರುತ್ತದೆ’ ಅನ್ನಬೇಕು. ‘ನಿಯಮ ಹೇಳುತ್ತಿರುವುದು ಈ ನಾಲ್ಕು ಕಾರ್ಡುಗಳ ಬಗ್ಗೆ ಮಾತ್ರ’ ಅಂತಲೂ ಸೇರಿಸಿ. ಇದು ಸಣ್ಣ ಮಾತಲ್ಲ, ಯಾಕೆ ಅಂತ ಕೊನೆಯಲ್ಲಿ ಬರುತ್ತದೆ. ಆದರೆ ಇಷ್ಟೆಲ್ಲ ತಿದ್ದಿದ ಮೇಲೂ ಜಾಸ್ತಿ ಮಕ್ಕಳು ಅ ಮತ್ತು 4 ಅನ್ನುತ್ತಾರೆ. ವೇಸನ್ ಎಚ್ಚರಿಕೆಯಿಂದಲೇ ಕೇಳಿದ್ದರು, ಆದರೂ ಫಲ ಅದೇ.

ಇನ್ನೊಂದು ಅನುಮಾನ ನಿಮಗೆ ಬಂದಿರಬಹುದು. ಮಕ್ಕಳು ‘ಅ ಇದ್ದರೆ 4’ ಎಂಬುದನ್ನು ‘4 ಇದ್ದರೆ ಅ ಕೂಡ ಇರಲೇಬೇಕು’ ಎಂದು ಎರಡೂ ಕಡೆಯಿಂದ ಓದಿಕೊಂಡರೇನೋ? ಇದನ್ನು ಪತ್ತೆ ಮಾಡುವುದು ಸುಲಭ. ಹಾಗೆ ಓದಿಕೊಂಡ ಮಗು ನಾಲ್ಕೂ ಕಾರ್ಡ್ ತಿರುಗಿಸಬೇಕು, ಯಾಕೆಂದರೆ ಆಗ ಕ ಹಿಂದೆ 4 ಇದ್ದರೂ ತಪ್ಪು, 7 ಹಿಂದೆ ಅ ಇದ್ದರೂ ತಪ್ಪು. ನಾಲ್ಕನ್ನೂ ಬರೆದ ಮಕ್ಕಳು ಎಷ್ಟು ಅಂತ ನೋಡಿ. ತುಂಬ ಕಮ್ಮಿ ಇರುತ್ತಾರೆ. ಅ ಮತ್ತು 4 ಅನ್ನುವ ಉತ್ತರ ಈ ಓದಿಗೂ ಹೊಂದುವುದಿಲ್ಲ, ಆ ಓದಿಗೂ ಹೊಂದುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಸಾಕ್ಷಿ ಹುಡುಕುವ ಚಟದ ಮಾತು ಎಲ್ಲಿಂದ ಬಂತು? ವೇಸನ್ ಅವರಿಂದಲೇ. ಅವರ ಮೊದಲ ಊಹೆ ಅದೇ ಆಗಿತ್ತು. ಜನ ನಿಯಮವನ್ನು ಸುಳ್ಳು ಮಾಡಲು ನೋಡುವುದಿಲ್ಲ, ನಿಜ ಮಾಡಲು ನೋಡುತ್ತಾರೆ. ಅ ಹಿಂದೆ 4 ಸಿಕ್ಕರೆ ಖುಷಿ, 4 ಹಿಂದೆ ಅ ಸಿಕ್ಕರೆ ಇನ್ನೂ ಖುಷಿ. ಕೇಳಲು ತುಂಬ ಚೆನ್ನಾಗಿದೆ. ಇವತ್ತಿಗೂ ಭಾಷಣಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಈ ಕಾರ್ಡುಗಳನ್ನು ತೋರಿಸಿ ಇದೇ ಪಾಠ ಹೇಳುತ್ತಾರೆ. ನನಗೆ ಅದು ಕೇಳಿಸಿದಾಗಲೆಲ್ಲ ಕಿರಿಕಿರಿ, ಯಾಕೆಂದರೆ ಆ ವಿವರಣೆ ಬಿದ್ದು ಐವತ್ತು ವರ್ಷ ಆಗಿದೆ.

ಅದನ್ನು ಬೀಳಿಸಿದವರು ವೇಸನ್ ಅವರ ಶಿಷ್ಯರೇ ಆದ ಜೊನಾಥನ್ ಎವಾನ್ಸ್. ಲಿಂಚ್ ಎಂಬವರ ಜೊತೆ ಅವರು 1973ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಲು ಏನೂ ಅಲ್ಲ ಅನ್ನುವಷ್ಟು ಸರಳ. ನಿಯಮದಲ್ಲಿ ‘ಇಲ್ಲ’ ಸೇರಿಸಿದರು, ಅಷ್ಟೇ. ನಿಮ್ಮ ಕಾರ್ಡುಗಳಲ್ಲೇ ಹೇಳುತ್ತೇನೆ. ಹೊಸ ನಿಯಮ ಹೀಗೆ: ‘ಒಂದು ಬದಿ ಅ ಇದ್ದರೆ ಇನ್ನೊಂದು ಬದಿ 4 ಇರುವುದಿಲ್ಲ.’ ಕಾರ್ಡುಗಳು ಅವೇ: ಅ, ಕ, 4, 7. ಯಾವುದನ್ನು ತಿರುಗಿಸಬೇಕು?

ನಿಧಾನವಾಗಿ ಯೋಚಿಸಿ. ಈ ನಿಯಮ ಮುರಿಯುವುದು ಅ ಮತ್ತು 4 ಒಂದೇ ಕಾರ್ಡಿನಲ್ಲಿ ಸಿಕ್ಕರೆ. ಹಾಗಾಗಿ ಈಗ ಸರಿ ಉತ್ತರ ಅ ಮತ್ತು 4. ಸಾಕ್ಷಿ ಹುಡುಕುವ ಚಟ ನಿಜವಾಗಿದ್ದರೆ ಜನ ಈಗ 7ರ ಕಡೆ ಕೈ ಚಾಚಬೇಕಿತ್ತು. ಅ ಇದೆ, 4 ಇಲ್ಲ, ನಿಯಮ ನಿಜ ಎಂದು ತೋರಿಸುವ ಜೋಡಿ ಅದೇ ತಾನೇ? ಆದರೆ ಜನ 7ನ್ನು ಈಗಲೂ ಮುಟ್ಟಲಿಲ್ಲ. ಮತ್ತೆ ಅ ಮತ್ತು 4 ಅಂದರು. ಅಂದರೆ ಎವಾನ್ಸ್ ಪ್ರಯೋಗದಲ್ಲಿ ಈ ನಿಯಮ ಸಿಕ್ಕಿದಾಗ ಬಹಳ ಮಂದಿಯ ಉತ್ತರ ಸರಿಯಾಯಿತು! ಅವರಿಗೆ ಇದ್ದಕ್ಕಿದ್ದಂತೆ ತರ್ಕ ಬಂತು ಅಂತಲ್ಲ. ಅವರು ಮಾಡಿದ್ದು ಅದೇ ಕೆಲಸ. ನಿಯಮದಲ್ಲಿ ಯಾವ ಹೆಸರು ಕೇಳಿಸಿತೋ ಆ ಕಾರ್ಡ್ ಆರಿಸಿದರು. ಮೊದಲ ನಿಯಮದಲ್ಲಿ ಅದು ತಪ್ಪಾಗಿ ಬಿತ್ತು, ಎರಡನೆಯದರಲ್ಲಿ ಸರಿಯಾಗಿ ಬಿತ್ತು.

ಎವಾನ್ಸ್ ‘ಇಲ್ಲ’ವನ್ನು ನಿಯಮದ ಮೊದಲ ಭಾಗದಲ್ಲೂ ಇಟ್ಟು ನೋಡಿದರು, ಎರಡೂ ಭಾಗದಲ್ಲಿ ಇಟ್ಟೂ ನೋಡಿದರು. ‘ಅ ಇಲ್ಲದಿದ್ದರೆ 4 ಇರುತ್ತದೆ’ ಎಂಬ ಮಾತಿಗೆ ಅ ಕಾರ್ಡಿನ ಕೆಲಸವೇ ಇಲ್ಲ, ತಿರುಗಿಸಬೇಕಾದದ್ದು ಕ ಮತ್ತು 7. ಅಲ್ಲಿಯೂ ನಿಯಮದಲ್ಲಿ ಹೆಸರಿದ್ದ ಕಾರ್ಡಿನ ಕಡೆಗೇ ಜನ ವಾಲಿದರು. ಇದನ್ನು ಹೊಂದಾಣಿಕೆಯ ವಾಲು ಅನ್ನಬಹುದು. ‘ಇಲ್ಲ’, ‘ಅಲ್ಲ’ ಎಂಬುದು ಕಿವಿಗೆ ಬಿದ್ದರೂ ಕಣ್ಣು ಹೋಗುವುದು ಹೆಸರಿದ್ದ ವಸ್ತುವಿನ ಕಡೆಗೇ. ‘ತೋಟದಲ್ಲಿ ಇವತ್ತು ಆನೆ ಇಲ್ಲ’ ಅಂತ ಯಾರಾದರೂ ಹೇಳಿದರೆ ಮನಸ್ಸಿಗೆ ಬರುವುದು ಖಾಲಿ ತೋಟವಲ್ಲ, ಆನೆಯೇ.

ಇದರ ಮುಂದಿನ ಪ್ರಯೋಗ ನನಗೆ ಇನ್ನೂ ಇಷ್ಟ. ವೇಸನ್ ಮತ್ತು ಎವಾನ್ಸ್ ಇಬ್ಬರೂ ಸೇರಿ 1975ರಲ್ಲಿ ಮಾಡಿದ್ದು. ಒಬ್ಬರಿಗೇ ಎರಡೂ ನಿಯಮ ಕೊಟ್ಟರು, ಮತ್ತು ಪ್ರತಿ ಕಾರ್ಡಿಗೂ ‘ಯಾಕೆ ಆರಿಸಿದಿರಿ, ಯಾಕೆ ಬಿಟ್ಟಿರಿ’ ಅಂತ ಬರೆಸಿದರು. ‘ಇಲ್ಲ’ ಇದ್ದ ನಿಯಮಕ್ಕೆ ಅವೇ ಎರಡು ಕಾರ್ಡುಗಳನ್ನು ಆರಿಸಿದವರು ‘ಇದರ ಹಿಂದೆ ಇಂಥದ್ದು ಇದ್ದರೆ ನಿಯಮ ಸುಳ್ಳಾಗುತ್ತದೆ, ಅದಕ್ಕೆ’ ಅಂತ ಬರೆದರು. ಎಂಥ ಒಳ್ಳೆಯ ತರ್ಕ! ಆಮೇಲೆ ‘ಇಲ್ಲ’ ಇಲ್ಲದ ನಿಯಮ ಬಂದಾಗ ಅದೇ ಜನ ಮತ್ತೆ ಅವೇ ಹೆಸರಿನ ಕಾರ್ಡ್ ಆರಿಸಿ ‘ನಿಯಮ ನಿಜ ಅಂತ ತೋರಿಸುವುದಕ್ಕೆ’ ಅಂತ ಬರೆದರು. ಒಂದು ಗಳಿಗೆ ಹಿಂದೆ ಬರೆದ ತರ್ಕ ಇಲ್ಲಿ ಸಹಾಯಕ್ಕೆ ಬರಲಿಲ್ಲ. ಅಂದರೆ ಆಯ್ಕೆ ಮೊದಲು ನಡೆದುಹೋಗಿತ್ತು, ಕಾರಣವನ್ನು ಆಮೇಲೆ ಹೊಂದಿಸಿಕೊಂಡಿದ್ದರು. ಇದರಿಂದ ನಿಮಗೊಂದು ಉಪಯೋಗ ಇದೆ. ಮಗುವನ್ನು ‘ಯಾಕೆ 4 ಆರಿಸಿದೆ?’ ಎಂದು ಕೇಳಿದರೆ ‘ನಿಯಮ ನಿಜ ಅಂತ ತೋರಿಸಲು’ ಅನ್ನುತ್ತದೆ. ಅದನ್ನು ನಂಬಿ ‘ಸಾಕ್ಷಿ ಹುಡುಕುವ ಚಟ’ ಎಂದು ತೀರ್ಮಾನಿಸಬೇಡಿ. ಆ ಉತ್ತರ ಆಮೇಲೆ ಹುಟ್ಟಿದ್ದು.

ಹೀಗೆ ಕಣ್ಣು ಮೊದಲೇ ಒಂದು ಕಡೆ ಹೋಗುತ್ತದೆ ಎನ್ನುವುದಕ್ಕೆ ಬೇರೆ ಪುರಾವೆಯೂ ಇದೆ. ಕಣ್ಣಿನ ಓಡಾಟವನ್ನು ಅಳೆಯುವ ಯಂತ್ರ ಇಟ್ಟು 2003ರಲ್ಲಿ ಲಿಂಡೆನ್ ಬಾಲ್ ಮತ್ತು ಜೊತೆಗಾರರು ನೋಡಿದಾಗ, ಜನ ಆರಿಸಿದ ಕಾರ್ಡನ್ನು ಬಿಟ್ಟ ಕಾರ್ಡಿಗಿಂತ ಹೆಚ್ಚು ಹೊತ್ತು ನೋಡಿದ್ದರು. 7ನ್ನು ತೂಗಿ ನೋಡಿ ಬೇಡ ಅಂತ ಬಿಟ್ಟಿದ್ದರೆ ಅದಕ್ಕೂ ಅಷ್ಟೇ ಹೊತ್ತು ಕೊಡಬೇಕಿತ್ತು. ಜನ 7ನ್ನು ತಪ್ಪಾಗಿ ತೂಗುವುದಿಲ್ಲ. ಹೆಚ್ಚಿನವರು ತೂಗುವುದೇ ಇಲ್ಲ.

ಹಾಗಾದರೆ ಮಕ್ಕಳಿಗೆ ತರ್ಕ ಬರುತ್ತದೆಯೋ ಇಲ್ಲವೋ? ಪರೀಕ್ಷಿಸುವ ದಾರಿ ಹೀಗಿದೆ. 7ನ್ನು ನೀವೇ ತಿರುಗಿಸಿ, ಹಿಂದೆ ಅ ಇರುವುದನ್ನು ತೋರಿಸಿ, ‘ನಿಯಮ ಏನಾಯಿತು?’ ಅಂತ ಕೇಳಿ. ‘ಸುಳ್ಳಾಯಿತು’ ಅಂತ ಹೆಚ್ಚಿನ ಮಕ್ಕಳು ತಡವಿಲ್ಲದೆ ಹೇಳುತ್ತಾರೆ. ಸುಳ್ಳು ಮಾಡುವ ಜೋಡಿ ಯಾವುದು ಅಂತ ಅವರಿಗೆ ಗೊತ್ತು. ಆ ಜೋಡಿ ಸಿಗುವ ಜಾಗ ಯಾವುದು ಅಂತ ಹುಡುಕಲು ಮಾತ್ರ ಹೊಳೆಯುವುದಿಲ್ಲ. ವೇಸನ್ ಕೂಡ ಹೀಗೆ ತಿರುಗಿಸಿ ತೋರಿಸಿದ್ದರು. ವಿಚಿತ್ರ ಏನೆಂದರೆ, 7 ನಿಯಮವನ್ನು ಮುರಿಯಿತು ಎಂದು ಒಪ್ಪಿಕೊಂಡ ಮೇಲೂ ಕೆಲವರು ‘ಆದರೂ ನಾನು ಆರಿಸಿದ್ದೇ ಸರಿ’ ಎಂದು ಹಠ ಹಿಡಿದರು.

ಈಗ ಬೈಕಿನ ವಿಷಯ. ನಿಮ್ಮ ಎರಡನೇ ಪರೀಕ್ಷೆ ಒಳ್ಳೆಯದೇ, ಆದರೆ ಅದರಲ್ಲಿ ನೀವು ಒಂದೇ ಸಲ ಎರಡು ಬದಲಾವಣೆ ಮಾಡಿಬಿಟ್ಟಿದ್ದೀರಿ. ಒಂದು, ಅಕ್ಷರ-ಅಂಕಿ ಹೋಗಿ ಕಾನೂನು ಬಂತು. ಎರಡು, ‘7’ರ ಜಾಗಕ್ಕೆ ‘ಲೈಸೆನ್ಸ್ ಇಲ್ಲ’ ಎಂಬ ಕಾರ್ಡ್ ಬಂತು. ಈ ಎರಡನೆಯದು ಗಮನಿಸಲೇಬೇಕಾದದ್ದು. ನಿಯಮದಲ್ಲಿ ಲೈಸೆನ್ಸ್ ಎಂಬ ಹೆಸರಿದೆ, ಈ ಕಾರ್ಡಿನ ಮೇಲೂ ಅದೇ ಹೆಸರಿದೆ. ಹೊಂದಾಣಿಕೆಯ ವಾಲು ಈಗ ‘ಲೈಸೆನ್ಸ್ ಇದೆ’, ‘ಲೈಸೆನ್ಸ್ ಇಲ್ಲ’ ಎಂಬ ಎರಡು ಕಾರ್ಡುಗಳ ಕಡೆಗೂ ಸಮನಾಗಿ ಎಳೆಯುತ್ತದೆ. ಕಾರ್ಡಿನ ಮೇಲೆ ‘7’ರ ಬದಲು ‘4 ಅಲ್ಲ’ ಎಂದೇ ಬರೆದರೆ ಆ ವಾಲು ಹೆಚ್ಚುಕಡಿಮೆ ಮಾಯವಾಗುತ್ತದೆ ಎಂದು ಎವಾನ್ಸ್ ಮುಂದೆ ತೋರಿಸಿದರು. ಆದರೆ ಅಕ್ಷರ-ಅಂಕಿಯ ಪರೀಕ್ಷೆಯಲ್ಲಿ ಹಾಗೆ ಮಾಡಿದ ಮಾತ್ರಕ್ಕೆ ಉತ್ತರಗಳು ಸರಿಯಾಗಲಿಲ್ಲ, ಅದೂ ಮುಖ್ಯ. ಹಾಗಾಗಿ ನಿಮ್ಮ ಮಕ್ಕಳು ಗೆದ್ದದ್ದು ಕಾನೂನಿನಿಂದಲೋ, ಕಾರ್ಡಿನ ಬರಹದಿಂದಲೋ ಎಂದು ಈಗ ಹೇಳುವುದು ಕಷ್ಟ.

ಸರಿ ಮಾಡುವುದು ಸುಲಭ. ನಿಯಮವನ್ನು ‘ಗೇರ್ ಬೈಕ್ ಓಡಿಸುತ್ತಿದ್ದರೆ 18 ವರ್ಷ ತುಂಬಿರಬೇಕು’ ಎಂದು ಬದಲಿಸಿ. ಕಾರ್ಡುಗಳು: ಓಡಿಸುತ್ತಿದ್ದಾನೆ, ಹಿಂದೆ ಕೂತಿದ್ದಾನೆ, 22 ವರ್ಷ, 16 ವರ್ಷ. ಕುಶಾಲನಗರದ ರಸ್ತೆಯಲ್ಲಿ ನಿಂತ ಪೊಲೀಸ್ ನೀನು ಅನ್ನಿ. ಈಗ 16 ಎಂಬ ಕಾರ್ಡಿನಲ್ಲಿ ನಿಯಮದ ಯಾವ ಹೆಸರೂ ಇಲ್ಲ. ಆದರೂ ಹೆಚ್ಚಿನ ಮಕ್ಕಳು ಅದನ್ನು ಹಿಡಿಯುತ್ತಾರೆ ಅಂತ ನನ್ನ ಅಂದಾಜು, ಯಾಕೆಂದರೆ ಇದೇ ಅಚ್ಚಿನ ಪ್ರಯೋಗ ಆಗಿಹೋಗಿದೆ. ಗ್ರಿಗ್ಸ್ ಮತ್ತು ಕಾಕ್ಸ್ 1982ರಲ್ಲಿ ಅಮೆರಿಕದ ಫ್ಲಾರಿಡಾದ ವಿದ್ಯಾರ್ಥಿಗಳಿಗೆ ‘ಬಿಯರ್ ಕುಡಿಯುತ್ತಿದ್ದರೆ 19 ದಾಟಿರಬೇಕು’ ಎಂಬ ನಿಯಮ ಕೊಟ್ಟಿದ್ದರು. ಕಾರ್ಡುಗಳು ಬಿಯರ್, ಕೋಕ್, 22, 16. ಅಲ್ಲಿ 40ರಲ್ಲಿ 29 ಮಂದಿ ಸರಿಯಾಗಿ ಬಿಯರ್ ಮತ್ತು 16 ಆರಿಸಿದರು.

‘ಗೊತ್ತಿರುವ ವಿಷಯ, ಅದಕ್ಕೇ ಸುಲಭ’ ಅಂತ ಅನಿಸುತ್ತದೆ. ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಆದರೆ ಗೊತ್ತಿರುವ ವಿಷಯ ಮಾತ್ರ ಸಾಲುವುದಿಲ್ಲ. ಮ್ಯಾಂಕ್‌ಟೆಲೊ ಮತ್ತು ಎವಾನ್ಸ್ 1979ರಲ್ಲಿ ‘ಈ ಮೀನು ತಿಂದರೆ ಈ ಮದ್ಯ ಕುಡಿಯುತ್ತೇನೆ’ ಎಂಬಂಥ ನಿಯಮಗಳನ್ನು ಕೊಟ್ಟರು. ಮೀನು, ಮದ್ಯ ಯಾರಿಗೆ ಗೊತ್ತಿಲ್ಲ? ಉತ್ತರಗಳು ಅಕ್ಷರ-ಅಂಕಿಯಷ್ಟೇ ಕೆಟ್ಟದಾಗಿದ್ದವು. ಹಾಗೆ ನೋಡಿದರೆ ನಿಮ್ಮ ತರಗತಿಯಲ್ಲಿ ಕಾಫಿ ತೋಟದ ಮಕ್ಕಳೇ ಜಾಸ್ತಿ ಇದ್ದರೂ, ‘ಈ ಗೋದಾಮಿನಲ್ಲಿ ಅರೇಬಿಕಾ ಇದ್ದರೆ ಅದು ಪಾರ್ಚ್‌ಮೆಂಟ್’ ಎಂದು ಕಾಫಿಯ ಬಗೆಗಳ ಹೆಸರು ಹಾಕಿ ಕೊಟ್ಟ ಮಾತ್ರಕ್ಕೆ ಏನೂ ಸುಧಾರಿಸುವುದಿಲ್ಲ.

ಗೊತ್ತಿಲ್ಲದ ವಿಷಯದಲ್ಲೂ ಸರಿ ಉತ್ತರ ಬರಬಹುದು ಎಂಬುದಕ್ಕೆ ಅಂಚೆಯ ಕಥೆ ಇದೆ. ‘ಕವರ್ ಅಂಟಿಸಿದ್ದರೆ ಇಷ್ಟು ಬೆಲೆಯ ಸ್ಟಾಂಪ್ ಇರಬೇಕು’ ಎಂಬ ನಿಯಮವನ್ನು 1972ರಲ್ಲಿ ಬ್ರಿಟನ್ನಿನಲ್ಲಿ ಕೊಟ್ಟಾಗ 24ರಲ್ಲಿ 20ಕ್ಕಿಂತ ಹೆಚ್ಚು ಜನ ಸರಿ ಮಾಡಿದರು. ಅಲ್ಲಿ ಅಂಟಿಸದ ಕವರಿಗೆ ಕಮ್ಮಿ ಸ್ಟಾಂಪ್ ಸಾಕಾಗುವ ಪದ್ಧತಿ ಇತ್ತು. ನಮ್ಮಲ್ಲೂ ಮದುವೆ ಕಾಗದಗಳನ್ನು ಬುಕ್ ಪೋಸ್ಟ್ ಎಂದು ಬರೆದು, ಕವರ್ ಅಂಟಿಸದೆ ಕಳಿಸುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಫ್ಲಾರಿಡಾದವರಿಗೆ ಆ ಪದ್ಧತಿ ಗೊತ್ತಿರಲಿಲ್ಲ, ಅವರಿಗೆ ಅದೇ ನಿಯಮ ಕೊಟ್ಟಾಗ ಏನೂ ಲಾಭವಾಗಲಿಲ್ಲ. ಆದರೆ 1985ರಲ್ಲಿ ಪೆಟ್ರಿಸಿಯಾ ಚೆಂಗ್ ಮತ್ತು ಕೀತ್ ಹೋಲಿಯೋಕ್ ಒಂದು ಸಣ್ಣ ಕೆಲಸ ಮಾಡಿದರು. ಅಮೆರಿಕದ ವಿದ್ಯಾರ್ಥಿಗಳಿಗೇ ನಿಯಮದ ಜೊತೆ ಅದರ ಕಾರಣವನ್ನೂ ಒಂದು ಮಾತಿನಲ್ಲಿ ಹೇಳಿದರು: ಅಂಟಿಸಿದ ಕವರ್ ಎಂದರೆ ಖಾಸಗಿ ಪತ್ರ, ಅದಕ್ಕೆ ಹೆಚ್ಚು ದರ. ಉತ್ತರಗಳು ಗಣನೀಯವಾಗಿ ಸುಧಾರಿಸಿದವು. ನಿಯಮ ಯಾಕಿದೆ, ಅದನ್ನು ಯಾರು ಹೇಗೆ ತಪ್ಪಿಸಬಹುದು ಎಂದು ಗೊತ್ತಾದರೆ ಸಾಕು, ಅನುಭವ ಇರಲೇಬೇಕೆಂದಿಲ್ಲ.

ನನ್ನ ಪ್ರಕಾರ ಇಲ್ಲಿ ಕೇಳುತ್ತಿರುವ ಪ್ರಶ್ನೆಯೇ ಬೇರೆ. ‘ಅ ಇದ್ದರೆ 4’ ಎಂಬುದು ನಿಜವೋ ಸುಳ್ಳೋ ಗೊತ್ತಿಲ್ಲ, ಪರೀಕ್ಷೆಗೆ ನಿಂತಿರುವುದು ನಿಯಮ. ‘ಓಡಿಸಲು 18 ತುಂಬಿರಬೇಕು’ ಎಂಬುದು ಇದ್ದೇ ಇದೆ. ಹದಿನಾರರ ಹುಡುಗ ಓಡಿಸಿದರೆ ಕಾನೂನು ಸುಳ್ಳಾಗುವುದಿಲ್ಲ, ಹುಡುಗ ತಪ್ಪಿತಸ್ಥನಾಗುತ್ತಾನೆ. ಪರೀಕ್ಷೆಗೆ ನಿಂತಿರುವುದು ಜನ. ತಪ್ಪು ಮಾಡಿದವನನ್ನು ಹಿಡಿ ಎಂದರೆ ಹುಡುಕಬೇಕಾದ ಜೋಡಿ ಯಾವುದು ಎಂದು ಆಗಲೇ ಹೇಳಿದ ಹಾಗಾಯಿತು. ಅಕ್ಷರ-ಅಂಕಿಯಲ್ಲಿ ಆ ಜೋಡಿಯನ್ನು ಮಗುವೇ ಕಟ್ಟಿಕೊಳ್ಳಬೇಕು. ಮೋಸಗಾರರನ್ನು ಪತ್ತೆ ಹಚ್ಚುವ ಬುದ್ಧಿ ನಮಗೆ ವಿಕಾಸದಿಂದಲೇ ಬಂದಿದೆ, ಅದಕ್ಕೇ ಹೀಗೆ ಎಂದು ಲೀಡಾ ಕಾಸ್ಮಿಡೀಸ್ 1989ರಲ್ಲಿ ವಾದಿಸಿದರು. ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಆ ವಾದದ ಬೆನ್ನಿಗೆ ಬಂದ ಒಂದು ಪ್ರಯೋಗ ಮಾತ್ರ ಬಹಳ ಚೆನ್ನಾಗಿದೆ. 1992ರಲ್ಲಿ ಗಿಗರೆಂಜರ್ ಮತ್ತು ಹುಗ್ ಮಾಡಿದ್ದು. ಅದನ್ನು ನಮ್ಮ ತೋಟಕ್ಕೆ ತಂದು ಹೇಳುತ್ತೇನೆ.

ನಿಯಮ: ‘ಭಾನುವಾರ ಕೆಲಸ ಮಾಡಿದರೆ ವಾರದ ನಡುವೆ ಒಂದು ದಿನ ರಜೆ.’ ಕೊಯ್ಲಿನ ಸಮಯ ಅಂದುಕೊಳ್ಳಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದಿಟ್ಟ ನಾಲ್ಕು ಚೀಟಿ ಇವೆ. ಒಂದರ ಮೇಲೆ ‘ಭಾನುವಾರ ಬಂದಿದ್ದ’, ಇನ್ನೊಂದರ ಮೇಲೆ ‘ಭಾನುವಾರ ಬಂದಿಲ್ಲ’, ಮೂರನೆಯದರ ಮೇಲೆ ‘ರಜೆ ಸಿಕ್ಕಿದೆ’, ನಾಲ್ಕನೆಯದರ ಮೇಲೆ ‘ರಜೆ ಸಿಕ್ಕಿಲ್ಲ’. ಒಬ್ಬನ ಭಾನುವಾರದ ಸುದ್ದಿ ಒಂದು ಬದಿ, ರಜೆಯ ಸುದ್ದಿ ಇನ್ನೊಂದು ಬದಿ. ನಿಯಮ ಮುರಿದಿದೆಯೇ ಎಂದು ನೋಡಬೇಕು. ಅರ್ಧ ಮಕ್ಕಳಿಗೆ ‘ನೀನು ತೋಟದ ಕೆಲಸಗಾರ’ ಅನ್ನಿ, ಇನ್ನರ್ಧಕ್ಕೆ ‘ನೀನು ತೋಟದ ಮಾಲೀಕ’ ಅನ್ನಿ. ಕೆಲಸಗಾರನಾದ ಮಗು ‘ಬಂದಿದ್ದ’ ಮತ್ತು ‘ರಜೆ ಸಿಕ್ಕಿಲ್ಲ’ ಚೀಟಿ ತಿರುಗಿಸುತ್ತದೆ. ದುಡಿದೂ ರಜೆ ಸಿಗದ ಅನ್ಯಾಯ ಅದರ ಚಿಂತೆ. ಪುಸ್ತಕದ ತರ್ಕಕ್ಕೂ ಇದೇ ಸರಿ. ಮಾಲೀಕನಾದ ಮಗು ‘ಬಂದಿಲ್ಲ’ ಮತ್ತು ‘ರಜೆ ಸಿಕ್ಕಿದೆ’ ತಿರುಗಿಸುತ್ತದೆ, ದುಡಿಯದೆ ಸುಮ್ನೆ ರಜೆ ಹೊಡೆದವನನ್ನು ಹಿಡಿಯಲು. ಗಿಗರೆಂಜರ್ ಪ್ರಯೋಗದಲ್ಲಿ ಹೆಚ್ಚಿನವರು ಹೀಗೇ ಪಾತ್ರಕ್ಕೆ ತಕ್ಕಂತೆ ಆರಿಸಿದರು. ನಿಯಮದ ಒಂದಕ್ಷರ ಬದಲಾಗಿಲ್ಲ, ಆಯ್ಕೆ ಪೂರ್ತಿ ತಲೆಕೆಳಗಾಯಿತು. ಬೈಕಿನ ಪರೀಕ್ಷೆಯಲ್ಲಿ ನಿಮ್ಮ ಮಕ್ಕಳು ತರ್ಕ ಕಲಿತುಬಿಟ್ಟರು ಎಂದು ಹೇಳಲು ನಾನು ಹಿಂಜರಿಯುವುದು ಇದಕ್ಕೇ. ಅವರು ತಪ್ಪಿತಸ್ಥನನ್ನು ಹುಡುಕಿದರು. ಅಲ್ಲಿ ಆ ಹುಡುಕಾಟ ಮತ್ತು ತರ್ಕ ಒಂದೇ ಕಾರ್ಡಿಗೆ ಬಂದು ನಿಂತವು.

ಕೊನೆಗೆ ಒಂದು ತಕರಾರು, ನಾನು ಗೌರವಿಸುವಂಥದ್ದು. 4 ತಿರುಗಿಸುವುದು ನಿಜವಾಗಿ ತಪ್ಪೇ? ಮೈಕ್ ಓಕ್ಸ್‌ಫರ್ಡ್ ಮತ್ತು ನಿಕ್ ಚೇಟರ್ 1994ರಲ್ಲಿ ಅಷ್ಟೇನೂ ತಪ್ಪಲ್ಲ ಅಂದರು. ಅವರ ಮಾತನ್ನು ಕಾಫಿ ಗೋದಾಮಿನಲ್ಲಿ ಇಟ್ಟು ನೋಡೋಣ. ಲೆಕ್ಕಕ್ಕಾಗಿ ಅಂಕಿಗಳನ್ನು ನಾನೇ ಹಾಕುತ್ತಿದ್ದೇನೆ. ಗೋದಾಮಿನಲ್ಲಿ 1000 ಚೀಲ. ಕೊಡಗಿನಲ್ಲಿ ರೊಬಸ್ಟಾವೇ ಜಾಸ್ತಿ, ಹಾಗಾಗಿ ಅರೇಬಿಕಾ ಬರೀ 100 ಇರಲಿ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ 150 ಚೀಲ, ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ ಚೆರ್ರಿ 850. ರೈಟರ್ ಹೇಳುತ್ತಾನೆ: ‘ಅರೇಬಿಕಾ ಇದ್ದರೆ ಅದು ಪಾರ್ಚ್‌ಮೆಂಟ್.’ ಇದು ನಿಜವೋ, ಅಥವಾ ಎರಡಕ್ಕೂ ಸಂಬಂಧವೇ ಇಲ್ಲದೆ ಸುಮ್ನೆ ಬಾಯಿಗೆ ಬಂದದ್ದೋ?

ಚೆರ್ರಿ ಚೀಲ ಒಂದನ್ನು ಬಿಚ್ಚಿ ನೋಡುತ್ತೀರಿ. ಕಾರ್ಡಿನ ಭಾಷೆಯಲ್ಲಿ ಇದೇ 7. ರೈಟರ್ ಮಾತು ನಿಜವಾದರೆ ಒಳಗೆ ಖಂಡಿತ ರೊಬಸ್ಟಾ. ಸಂಬಂಧವೇ ಇಲ್ಲದಿದ್ದರೂ ನೂರಕ್ಕೆ 90 ಸಲ ರೊಬಸ್ಟಾವೇ, ಯಾಕೆಂದರೆ ಗೋದಾಮಿನ ತುಂಬ ಇರುವುದೇ ಅದು. ರೊಬಸ್ಟಾ ಕಂಡಿತು ಅಂದರೆ ನಿಮಗೆ ಹೊಸದಾಗಿ ತಿಳಿದದ್ದು ಬಹಳ ಸ್ವಲ್ಪ. ಈಗ ಪಾರ್ಚ್‌ಮೆಂಟ್ ಚೀಲ ಬಿಚ್ಚಿ, ಇದು 4. ರೈಟರ್ ಮಾತು ನಿಜವಾದರೆ 100 ಅರೇಬಿಕಾವೂ ಈ 150ರಲ್ಲೇ ಇರಬೇಕು, ಹಾಗಾಗಿ ಮೂರಕ್ಕೆ ಎರಡು ಸಲ ಅರೇಬಿಕಾ ಸಿಗುತ್ತದೆ. ಸಂಬಂಧ ಇಲ್ಲದಿದ್ದರೆ ಹತ್ತಕ್ಕೆ ಒಂದೇ ಸಲ. ಅಂದರೆ ಈ ಒಂದು ಚೀಲ ಎಷ್ಟೋ ಹೆಚ್ಚು ಹೇಳುತ್ತದೆ. ನಿಯಮದಲ್ಲಿ ಹೆಸರಿರುವ ವಸ್ತುಗಳು ಲೋಕದಲ್ಲಿ ಅಪರೂಪವಾಗಿದ್ದರೆ, ಹೆಸರಿದ್ದ ಕಡೆ ನೋಡುವುದೇ ಜಾಣತನ. ದಿನಬಳಕೆಯ ಮಾತು ಬಹುಪಾಲು ಹಾಗೇ ಇರುತ್ತದೆ, ಅಪರೂಪದ್ದರ ಬಗ್ಗೆಯೇ ನಾವು ‘ಇದ್ದರೆ’ ಅಂತ ಮಾತಾಡುವುದು. ‘ಇಲ್ಲ’ ಸೇರಿಸಿದಾಗಲೂ ಜನ 4ನ್ನೇ ಆರಿಸುವುದಕ್ಕೂ ಅವರಲ್ಲಿ ಉತ್ತರವಿದೆ: ‘4 ಅಲ್ಲದ್ದು’ ಅಂದರೆ ಅಪರೂಪವಲ್ಲ, ಬಹಳ ದೊಡ್ಡ ಗುಂಪು, ಹಾಗಾಗಿ ಲೆಕ್ಕ ತಿರುಗಿ, ಹೆಚ್ಚು ಹೇಳುವ ಕಾರ್ಡ್ ಮತ್ತೆ 4 ಆಗುತ್ತದೆ. ಎವಾನ್ಸ್ ಕಡೆಯವರು ಇದನ್ನು ಒಪ್ಪುವುದಿಲ್ಲ. ಜಗಳ ಇನ್ನೂ ಮುಗಿದಿಲ್ಲ.

ಆದರೆ ನಿಮ್ಮ ಮೇಜಿನ ಮೇಲೆ 1000 ಚೀಲ ಇಲ್ಲ, ನಾಲ್ಕೇ ಕಾರ್ಡ್. ಪ್ರಶ್ನೆಯೂ ‘ಯಾವುದರಿಂದ ಹೆಚ್ಚು ತಿಳಿಯುತ್ತದೆ’ ಎಂದಲ್ಲ, ‘ನಿಜವೋ ಸುಳ್ಳೋ’ ಎಂದು. ಅಲ್ಲಿ 4 ತಿರುಗಿಸುವುದು ತಪ್ಪೇ. ‘ಈ ನಾಲ್ಕರ ಬಗ್ಗೆ ಮಾತ್ರ’ ಎಂಬ ಮಾತು ಸಣ್ಣದಲ್ಲ ಎಂದಿದ್ದು ಇದಕ್ಕೇ. ಅದನ್ನು ಹೇಳದಿದ್ದರೆ, ನಾಲ್ಕು ಕಾರ್ಡನ್ನು ದೊಡ್ಡ ಕಟ್ಟೊಂದರ ಮಾದರಿ ಎಂದುಕೊಂಡ ಜಾಣ ಮಗುವಿಗೆ ನೀವು ಸೊನ್ನೆ ಕೊಟ್ಟ ಹಾಗಾಗುತ್ತದೆ.

ಮತ್ತೆ ಮಾಡುವುದಾದರೆ ಬೇರೆ ಸೆಕ್ಷನ್ನಿನ ಮಕ್ಕಳ ಜೊತೆ ಮಾಡಿ, ಇವರಿಗೆ ಉತ್ತರ ಗೊತ್ತಾಗಿದೆ. ಕೈ ಎತ್ತಿಸಬೇಡಿ, ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಇಲ್ಲದಿದ್ದರೆ ಮುಂದಿನ ಬೆಂಚಿನ ಉತ್ತರವೇ ತರಗತಿಯ ಉತ್ತರವಾಗುತ್ತದೆ. ಮೊದಲು ‘4 ಇರುವುದಿಲ್ಲ’ ನಿಯಮ, ಆಮೇಲೆ ‘4 ಇರುತ್ತದೆ’ ನಿಯಮ, ಈ ಕ್ರಮದಲ್ಲೇ ಕೊಡಿ. ಮೊದಲನೆಯದಕ್ಕೆ ಸರಿಯಾಗಿ ಅ ಮತ್ತು 4 ಬರೆದ ಮಗು ಎರಡನೆಯದಕ್ಕೂ ಅ ಮತ್ತು 4 ಬರೆದರೆ, ಅದು ನೋಡಿದ್ದು ಹೆಸರುಗಳನ್ನು. ಎರಡನೆಯದಕ್ಕೆ 7ಕ್ಕೆ ಬದಲಾಯಿಸಿದ ಮಗು ನಿಯಮವನ್ನು ನೋಡಿದೆ. ಮೊದಲನೆಯದಕ್ಕೆ ಅ ಮತ್ತು 7, ಎರಡನೆಯದಕ್ಕೆ ಅ ಮತ್ತು 4 ಬರೆದ ಮಗು ಸಿಕ್ಕರೆ, ನೀವು ಹೇಳಿದ ಸಾಕ್ಷಿ ಹುಡುಕುವ ಚಟ ಇರುವುದು ಅದೊಂದಕ್ಕೆ. ಅಂಥ ಚೀಟಿಗಳನ್ನು ಬೇರೆ ಎಣಿಸಿ. ಕೈಬೆರಳಿನಲ್ಲೇ ಎಣಿಕೆ ಮುಗಿಯಬಹುದು.